ಅಡ್ಡಗೋಡೆಯ ಮೇಲಿನ ಜರ್ಮನ್ ದೀಪ

ಜರ್ಮನ್ನರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೆ ಅನ್ನೋದು ನಮ್ಮ ಐಟಿ ಮಂದಿಯಲ್ಲಿ ಬೇರೂರಿರುವ ನಂಬಿಕೆ. ಕೋಡ್ ರಿವ್ಯೂನಲ್ಲಿ ನಿಜ. ಪಕ್ಕದ ಮನೆಯವರು ಭಾನುವಾರ ನಿಮ್ಮ ಮಿಕ್ಸಿ ಸದ್ದಿಗೆ ಬಾಗಿಲು ತಟ್ಟುವಾಗಲೂ ನಿಜ. ಆದರೆ ನೀವು ಕೆಲಸ ಬಿಟ್ಟು ಹೊರಡುವ ದಿನ ಅದೇ ಜರ್ಮನ್ ಕಂಪನಿ ನಿಮ್ಮ ಕೈಗೆ ಒಂದು ಪತ್ರ ಕೊಡುತ್ತದೆ ನೋಡಿ, ಅದರಲ್ಲಿ ಈ ನೇರ ಮಾತು ಎಲ್ಲಿ ಹೋಯಿತು ಅಂತ ಹುಡುಕಬೇಕು. ಆ ಪತ್ರದ ಹೆಸರು ಅರ್ಬೈಟ್ಸ್‌ತ್ಸೊಯ್ಗ್ನಿಸ್. ಚಿಕ್ಕದಾಗಿ ತ್ಸೊಯ್ಗ್ನಿಸ್ ಅನ್ನೋಣ. ಬೈಗುಳವನ್ನು ಹೊಗಳಿಕೆಯ ಬಟ್ಟೆಯಲ್ಲಿ ಸುತ್ತಿ ಕೊಡುವ ಕಲೆಯಲ್ಲಿ ಇದನ್ನು ಮೀರಿಸುವ ಕಾಗದ ನಾನಂತೂ ನೋಡಿಲ್ಲ.

ನಮ್ಮಲ್ಲಿ ಕೆಲಸ ಬಿಟ್ಟಾಗ ಸಿಗುವ ರಿಲೀವಿಂಗ್ ಲೆಟರ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ಈ ಹುದ್ದೆಯಲ್ಲಿದ್ದರು, ಮುಂದಿನ ದಿನಗಳಿಗೆ ಶುಭವಾಗಲಿ, ಸಹಿ, ಸೀಲು. ಒಂದೂವರೆ ಪ್ಯಾರಾ. ಅದನ್ನು ಯಾರೂ ಓದುವುದಿಲ್ಲ, ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತಾರೆ. ಜರ್ಮನಿಯ ತ್ಸೊಯ್ಗ್ನಿಸ್ ಹಾಗಲ್ಲ. ಕೈಗಾರಿಕಾ ಕಾಯ್ದೆಯ 109ನೇ ಕಲಮಿನ ಪ್ರಕಾರ ಅದು ನೌಕರನ ಹಕ್ಕು. ನೀವು ಕೇಳಿದರೆ ನಿಮ್ಮ ಕೆಲಸದ ಗುಣಮಟ್ಟ ಮತ್ತು ನಡವಳಿಕೆ ಎರಡನ್ನೂ ತೂಗಿ ಬರೆದುಕೊಡಲೇಬೇಕು. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಹಳೇ ಕಂಪನಿಗಳ ತ್ಸೊಯ್ಗ್ನಿಸ್‌ಗಳನ್ನೆಲ್ಲ ಜೊತೆಗೆ ಲಗತ್ತಿಸುವುದು ಅಲ್ಲಿನ ರೂಢಿ. ಅಲ್ಲಿನ ಎಚ್‌ಆರ್ ಅದನ್ನು ಓದುತ್ತಾರೆ, ಅದೂ ಅಕ್ಷರ ಅಕ್ಷರ ಬಿಡಿಸಿ.

ನಾನು ಜರ್ಮನಿಗೆ ಬಂದು ಏಳು ವರ್ಷವಾಯಿತು. ನನ್ನ ಮಾತು ಇಷ್ಟೇ: ಈ ಪತ್ರದ ಭಾಷೆ ಗುಟ್ಟಿನ ಭಾಷೆಯಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಯಾರ ಬಗ್ಗೆ ಬರೆದದ್ದೋ ಅವರಿಗೇ ಗುಟ್ಟಾಗಿ ಉಳಿಯುತ್ತದೆ. ಇದನ್ನು ಸೌಜನ್ಯ ಅಂತ ಕರೆಯಲು ನಾನು ತಯಾರಿಲ್ಲ.

ಒಂದು ಪತ್ರವನ್ನೇ ತೆಗೆದುಕೊಳ್ಳೋಣ. ಹಾಸನದ ಕಡೆಯ ನನ್ನ ಗೆಳೆಯನೊಬ್ಬ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ಬ್ಯಾಕೆಂಡ್ ಎಂಜಿನಿಯರ್ ಆಗಿದ್ದ. ಕೆಲಸ ಬಿಟ್ಟಾಗ ಬಂದ ಪತ್ರವನ್ನು ಅನುವಾದದ ಆ್ಯಪ್‌ಗೆ ಹಾಕಿ ನೋಡಿ ಖುಷಿಪಟ್ಟ. ಖುಷಿಪಡದೇ ಏನು ಮಾಡ್ತಾನೆ? ಅದರ ಮುಖ್ಯ ಸಾಲುಗಳು ಕನ್ನಡದಲ್ಲಿ ಹೀಗಿದ್ದವು:

"ಅವರು ಸಮಯಪಾಲನೆ ಮತ್ತು ಅಚ್ಚುಕಟ್ಟುತನಕ್ಕೆ ಹೆಸರಾಗಿದ್ದರು. ತಮಗೆ ವಹಿಸಿದ ಕೆಲಸಗಳನ್ನು ನಮ್ಮ ಪೂರ್ಣ ತೃಪ್ತಿಯಾಗುವಂತೆ ಮಾಡಿದರು. ಸಹೋದ್ಯೋಗಿಗಳು ಮತ್ತು ಮೇಲಧಿಕಾರಿಗಳ ಜೊತೆ ಅವರ ನಡವಳಿಕೆ ದೋಷವಿಲ್ಲದ್ದಾಗಿತ್ತು. ಅವರ ಮುಂದಿನ ದಾರಿಗೆ ಶುಭ ಹಾರೈಸುತ್ತೇವೆ."

ನಮ್ಮೂರಲ್ಲಿ ಇಂಥ ಪತ್ರ ಬಂದಿದ್ದರೆ ಫ್ರೇಮ್ ಹಾಕಿಸುತ್ತಿದ್ದರು. ಈಗ ಒಬ್ಬ ಜರ್ಮನ್ ಎಚ್‌ಆರ್ ಇದನ್ನು ಹೇಗೆ ಓದುತ್ತಾರೆ ನೋಡಿ.

ಎಲ್ಲಕ್ಕಿಂತ ಮೊದಲು ಅವರ ಕಣ್ಣು ಹೋಗುವುದು "ತೃಪ್ತಿ" ಇರುವ ಸಾಲಿಗೆ. ಜರ್ಮನ್ ಶಾಲೆಗಳಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ನಪಾಸು. ತ್ಸೊಯ್ಗ್ನಿಸ್‌ನಲ್ಲಿ ಈ ಅಂಕಿಗಳನ್ನು ಬರೆಯುವುದಿಲ್ಲ, ಅದರ ಬದಲು ತೃಪ್ತಿಯ ಒಂದು ಏಣಿ ಇದೆ. "ಶ್ಟೆಟ್ಸ್" ಅಂದರೆ "ಸದಾ". "ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಯಾಗುವಂತೆ" ಅಂತಿದ್ದರೆ 1. "ಸದಾ ನಮ್ಮ ಪೂರ್ಣ ತೃಪ್ತಿಯಾಗುವಂತೆ" ಅಂತಿದ್ದರೆ 2. "ಸದಾ" ಬಿದ್ದುಹೋಗಿ ಬರೀ "ಪೂರ್ಣ ತೃಪ್ತಿ" ಉಳಿದರೆ 3. "ಪೂರ್ಣ"ವೂ ಹೋಗಿ ಬರೀ "ತೃಪ್ತಿ" ಇದ್ದರೆ 4. "ಒಟ್ಟಾರೆಯಾಗಿ ನಮಗೆ ತೃಪ್ತಿ" ಅಂದರೆ 5. ಕೊನೆಯದು ನಮ್ಮವರ ಕಿವಿಗೆ ಎಲ್ಲಕ್ಕಿಂತ ಇಂಪಾಗಿ ಕೇಳುವಂಥದ್ದು: "ಕೆಲಸ ಮಾಡಲು ಪ್ರಯತ್ನಪಟ್ಟರು". ಅದಕ್ಕೆ 6. ಪ್ರಯತ್ನಪಟ್ಟರು, ಆದರೆ ಆಗಲಿಲ್ಲ ಅಂತ ಅರ್ಥ.

ಪೂರ್ಣ ಅಂದಮೇಲೆ ಪೂರ್ಣಾತಿಪೂರ್ಣ ಹೇಗೆ ಬರುತ್ತದೆ ಅಂತ ನೀವು ಕೇಳಬಹುದು. ತುಂಬಿದ ಕೊಡವನ್ನು ಇನ್ನೂ ತುಂಬಿಸೋದು ಹೇಗೆ? ಜರ್ಮನ್ ವ್ಯಾಕರಣ ಬಲ್ಲವರೂ ಇದನ್ನೇ ಕೇಳುತ್ತಾರೆ. ಆದರೂ "ಫೊಲ್‌ಸ್ಟನ್" ಅನ್ನುವ ಆ ವ್ಯಾಕರಣಗೆಟ್ಟ ಪದ ಇದ್ದರೆ ಮಾತ್ರ ಮೊದಲ ದರ್ಜೆ. ಅಲ್ಲಿಗೆ ನನ್ನ ಗೆಳೆಯನ ದರ್ಜೆ 3.

ಎರಡನೆಯದು ಸಮಯಪಾಲನೆ. ನಾಲ್ಕು ವರ್ಷ ಸಿಸ್ಟಮ್ ಡಿಸೈನ್ ಮಾಡಿ, ರಾತ್ರಿ ಆನ್‌ಕಾಲ್ ಕೂತು, ಒಂದು ಹಳೇ ಪೇಮೆಂಟ್ ವ್ಯವಸ್ಥೆಯನ್ನು ಹೊಸದಕ್ಕೆ ಸಾಗಿಸಿದವನ ಬಗ್ಗೆ "ಟೈಮಿಗೆ ಸರಿಯಾಗಿ ಬರುತ್ತಿದ್ದರು" ಅಂತ ಬರೆಯುವುದು ಏನು? ಇದು ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಸಂಬಂಧ ಬಂದಾಗ ಹುಡುಗನ ಬಗ್ಗೆ ವಿಚಾರಿಸಲು ಹೋಗುತ್ತಾರಲ್ಲ, ಆಗ ಪಕ್ಕದ ಮನೆಯವರು "ಅವರಪ್ಪ ಬಹಳ ಒಳ್ಳೆಯವರು ಕಣ್ರೀ" ಅಂತ ಶುರು ಮಾಡಿದರೆ, ಕೇಳಲು ಹೋದವರು ಕಾಫಿ ಕುಡಿದು ಸುಮ್ಮನೆ ಎದ್ದು ಬರುತ್ತಾರೆ. ಹುಡುಗನ ಬಗ್ಗೆ ಕೇಳಿದ್ದಕ್ಕೆ ಅಪ್ಪನನ್ನು ಹೊಗಳಿದರು ಅಂದರೆ ಹುಡುಗನಲ್ಲಿ ಹೊಗಳುವಂಥದ್ದು ಸಿಗಲಿಲ್ಲ. ಜರ್ಮನ್ ವಕೀಲರು ಇದಕ್ಕೆ "ಮಾತಾಡುವ ಮೌನ" ಅನ್ನುತ್ತಾರೆ. ಆ ವೃತ್ತಿಯಲ್ಲಿ ಹೇಳಲೇಬೇಕಾದ ಗುಣವನ್ನು ಹೇಳದೇ ಬಿಟ್ಟರೆ ಅದೂ ಒಂದು ಹೇಳಿಕೆಯೇ. ಒಬ್ಬ ದಿನಪತ್ರಿಕೆಯ ಸಂಪಾದಕ, ಒತ್ತಡದಲ್ಲೂ ಕೆಲಸ ಮಾಡಬಲ್ಲೆ ಅನ್ನುವ ಮಾತನ್ನು ತನ್ನ ಪತ್ರದಲ್ಲಿ ಬಿಟ್ಟಿದ್ದಾರೆ ಅಂತ ಫೆಡರಲ್ ಲೇಬರ್ ಕೋರ್ಟ್‌ವರೆಗೆ ಹೋದ. 2008ರಲ್ಲಿ ಕೋರ್ಟ್ ಹೇಳಿದ್ದು: ಆ ವೃತ್ತಿಯಲ್ಲಿ ಅದನ್ನು ಬರೆಯುವ ರೂಢಿ ಇದ್ದರೆ, ಬಿಟ್ಟಿರುವುದು ಕೂಡ ತಪ್ಪು ಸಂದೇಶ ಕೊಡಬಹುದು.

ಮೂರನೆಯದು ಪದಗಳ ಸಾಲು. "ಮೇಲಧಿಕಾರಿಗಳು, ಸಹೋದ್ಯೋಗಿಗಳು, ಗ್ರಾಹಕರು" ಅಂತ ಬರೆಯುವುದು ವಾಡಿಕೆ. ನನ್ನ ಗೆಳೆಯನ ಪತ್ರದಲ್ಲಿ ಮೇಲಧಿಕಾರಿ ಕೊನೆಗೆ ಹೋಗಿದ್ದಾನೆ. ಮದುವೆ ಕರೆಯೋಲೆಯಲ್ಲಿ ಸೋದರಮಾವನ ಹೆಸರನ್ನು ಕೆಳಗೆ ಹಾಕಿದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಸ್ ಜೊತೆ ಏನೋ ಇತ್ತು ಅಂತ ಓದುವವರಿಗೆ ಹೊಳೆಯುತ್ತದೆ.

ನಾಲ್ಕನೆಯದು ಮುಕ್ತಾಯ. ಒಳ್ಳೆಯ ಪತ್ರದ ಕೊನೆಯಲ್ಲಿ ಮೂರು ಮಾತು ಇರುತ್ತವೆ: ಇವರು ಹೋಗುತ್ತಿರುವುದಕ್ಕೆ ವಿಷಾದ, ಇವರ ಕೆಲಸಕ್ಕೆ ಧನ್ಯವಾದ, ಮುಂದಿನ ಬದುಕಿಗೆ ಶುಭ ಹಾರೈಕೆ. ಇಲ್ಲಿ ಕೊನೆಯದು ಮಾತ್ರ ಇದೆ. ನಮ್ಮ ರಿಲೀವಿಂಗ್ ಲೆಟರ್‌ನಲ್ಲಿ ಪ್ರಿಂಟ್ ಆಗಿಯೇ ಬರುವ "ಶುಭವಾಗಲಿ" ಅಲ್ಲಿ ಒಂಟಿಯಾಗಿ ನಿಂತರೆ "ಹೋಗಿ ಬಾ ಮಹರಾಯ" ಅನ್ನುವ ಹಾಗೆ ಕೇಳಿಸುತ್ತದೆ. ಅದಕ್ಕಿಂತ ವಿಚಿತ್ರ ಅಂದರೆ, ಈ ಕೊನೆಯ ಸಾಲುಗಳನ್ನು ಬರೆದೇಕೊಡಿ ಅಂತ ಕೇಳುವ ಹಕ್ಕು ನಿಮಗಿಲ್ಲ. 2012ರಲ್ಲೂ 2022ರಲ್ಲೂ ಅದೇ ಕೋರ್ಟ್ ಹೇಳಿದ್ದು, ಧನ್ಯವಾದ ವಿಷಾದಗಳು ಮಾಲೀಕನ ಮನಸ್ಸಿನ ಭಾವನೆ, ಅವನ್ನು ಆದೇಶ ಮಾಡಿ ಹೊರಡಿಸಲಾಗದು ಅಂತ.

ಹೀಗೆ ನಾಲ್ಕು ಸಾಲಿನ ಹೊಗಳಿಕೆ ಬಿಚ್ಚಿದಾಗ ಸಿಕ್ಕಿದ್ದು: ಸಾಧಾರಣ ಕೆಲಸಗಾರ, ಹೇಳಿಕೊಳ್ಳುವಂಥ ಸಾಧನೆ ಇಲ್ಲ, ಬಾಸ್ ಜೊತೆ ಸರಿ ಇರಲಿಲ್ಲ, ಹೋಗಿದ್ದಕ್ಕೆ ಬೇಸರವಿಲ್ಲ.

ಯಾಕೆ ಹೀಗೆ ಬರೆಯುತ್ತಾರೆ? ಜರ್ಮನ್ನರು ಕುಟಿಲರು ಅಂತಲ್ಲ. ಪತ್ರ ಬರೆಯುವವನ ಮೇಲೆ ಎರಡು ಹೊರೆ ಇದೆ. ಪತ್ರದಲ್ಲಿರುವುದು ನಿಜವಾಗಿರಬೇಕು. ಗಂಭೀರ ತಪ್ಪನ್ನು ಮುಚ್ಚಿಟ್ಟು ಸುಳ್ಳು ಹೊಗಳಿ ಬರೆದು, ಅದನ್ನು ನಂಬಿದ ಹೊಸ ಕಂಪನಿಗೆ ನಷ್ಟವಾದರೆ ಬರೆದವನೇ ಹೊಣೆಯಾಗಬೇಕಾದೀತು. ಜೊತೆಗೆ ಪತ್ರ ಸದ್ಭಾವದಿಂದ ಕೂಡಿರಬೇಕು, ನೌಕರನ ಮುಂದಿನ ದಾರಿಗೆ ಸುಮ್ಮನೆ ಕಲ್ಲು ಹಾಕಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಎರಡರ ನಡುವೆ ಸಿಕ್ಕಿಕೊಂಡ ಎಚ್‌ಆರ್‌ಗಳು ಕಂಡುಕೊಂಡ ದಾರಿಯೇ ಈ ಏಣಿ. ಎಲ್ಲ ಮೆಟ್ಟಿಲೂ ಹೊಗಳಿಕೆಯ ಬಣ್ಣದವೇ, ಎತ್ತರ ಮಾತ್ರ ಬೇರೆ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ಕಾನೂನಿನ ಮಾತು ಮತ್ತು ರೂಢಿಯ ನಡುವೆ. ಅದೇ 109ನೇ ಕಲಮು ಏನು ಹೇಳುತ್ತದೆ ಗೊತ್ತಾ? ಪತ್ರ ಸ್ಪಷ್ಟವಾಗಿ, ಅರ್ಥವಾಗುವ ಹಾಗೆ ಇರಬೇಕು. ಮೇಲ್ನೋಟಕ್ಕೆ ಕಾಣುವ ಅರ್ಥಕ್ಕಿಂತ ಬೇರೆ ಅರ್ಥ ಹೊರಡಿಸುವ ಪದವಾಗಲಿ ಗುರುತಾಗಲಿ ಇರಬಾರದು. ಹಾಗಾದರೆ "ಪೂರ್ಣ ತೃಪ್ತಿ" ಅಂದರೆ "ಸಾಧಾರಣ" ಅನ್ನುವುದು ಮೇಲ್ನೋಟದ ಅರ್ಥವೋ? ಕೋರ್ಟುಗಳ ಪ್ರಕಾರ ಹೌದು. ಈ ಏಣಿ ಎಲ್ಲರಿಗೂ ಗೊತ್ತಿರುವ ರೂಢಿ, ಆದ್ದರಿಂದ ಗುಟ್ಟಲ್ಲ. ಎಲ್ಲರಿಗೂ ಅಂದರೆ ಯಾರಿಗೆ? ಜರ್ಮನಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಕೆಲಸಗಾರರು ಇದನ್ನು ತಿಳಿಯಲು ವಕೀಲರ ಬಳಿ ಓಡುತ್ತಾರೆ. ಅಂದಮೇಲೆ ಬೆಂಗಳೂರಿನಿಂದ ಬ್ಲೂ ಕಾರ್ಡ್ ಹಿಡಿದು ಬಂದವನ ಪಾಡೇನು? ನಮ್ಮೂರಿನ "ಅವರಪ್ಪ ಒಳ್ಳೆಯವರು" ಅನ್ನುವ ಮಾತು ಹುಡುಗನಿಗೂ ಅರ್ಥವಾಗುತ್ತದೆ, ಅವರಪ್ಪನಿಗೂ ಅರ್ಥವಾಗುತ್ತದೆ. ಇಲ್ಲಿ ಬರೆದವನಿಗೆ ಗೊತ್ತು, ಓದುವವನಿಗೆ ಗೊತ್ತು, ಅದನ್ನು ಹೊತ್ತು ತಿರುಗುವವನಿಗೆ ಮಾತ್ರ ಗೊತ್ತಿಲ್ಲ.

"ಹಾಗಾದರೆ ನೇರವಾಗಿ ಅಂಕಿಯನ್ನೇ ಬರೆದುಬಿಡಲಿ" ಅನ್ನುತ್ತೀರಾ? ಒಂದು ಕಂಪನಿ ಅದನ್ನೂ ಮಾಡಿತು. ಒಬ್ಬ ಎಲೆಕ್ಟ್ರಿಷಿಯನ್‌ಗೆ ಶಾಲೆಯ ಮಾರ್ಕ್ಸ್ ಕಾರ್ಡಿನ ಹಾಗೆ ಪಟ್ಟಿ ಮಾಡಿ, ಒಂದೊಂದು ಗುಣದ ಮುಂದೆ ದರ್ಜೆ ಬರೆದುಕೊಟ್ಟಿತು. 2021ರಲ್ಲಿ ಫೆಡರಲ್ ಲೇಬರ್ ಕೋರ್ಟ್ ಇದು ನಡೆಯದು ಅಂದಿತು. ಪಟ್ಟಿಯಲ್ಲಿ ಮನುಷ್ಯ ಕಾಣಿಸುವುದಿಲ್ಲ, ಅವನದೇ ಕೆಲಸವನ್ನು ವಾಕ್ಯಗಳಲ್ಲಿ ಚಿತ್ರಿಸಬೇಕು ಅನ್ನುವುದು ಕಾರಣ. ಕಾರಣ ಸುಳ್ಳಲ್ಲ. ಒಬ್ಬನ ನಾಲ್ಕು ವರ್ಷ ಆರು ಅಂಕಿಗಳಲ್ಲಿ ಹಿಡಿಸುವುದಿಲ್ಲ. ಆದರೆ ಎಷ್ಟೋ ಕಂಪನಿಗಳಲ್ಲಿ ಈ ವಾಕ್ಯಗಳು ಬರುವುದಾದರೂ ಎಲ್ಲಿಂದ? ಮ್ಯಾನೇಜರ್ ಒಂದು ಫಾರಂನಲ್ಲಿ 1, 2, 3 ಅಂತ ಟಿಕ್ ಹಾಕುತ್ತಾನೆ, ಸಾಫ್ಟ್‌ವೇರ್ ಆಯಾ ದರ್ಜೆಯ ಸಿದ್ಧ ವಾಕ್ಯಗಳನ್ನು ಪೋಣಿಸುತ್ತದೆ. ಅಂಕಿಯನ್ನು ವಾಕ್ಯ ಮಾಡಿ ಕಳಿಸುತ್ತಾರೆ, ಅತ್ತ ಕಡೆಯವರು ವಾಕ್ಯವನ್ನು ಮತ್ತೆ ಅಂಕಿ ಮಾಡಿಕೊಂಡು ಓದುತ್ತಾರೆ. ನಾವು ಸಾಫ್ಟ್‌ವೇರ್‌ನವರು ಇದಕ್ಕೆ ಎನ್‌ಕೋಡ್, ಡಿಕೋಡ್ ಅನ್ನುತ್ತೇವೆ. ಕೀಲಿ ಇಲ್ಲದವನು ಮಧ್ಯದಲ್ಲಿ ನಿಂತ ನೌಕರ. ಚಿತ್ರ ಬರೆದಿದ್ದೇ ಆಗಿದ್ದರೆ ನನ್ನ ಗೆಳೆಯನ ಪೇಮೆಂಟ್ ವ್ಯವಸ್ಥೆ ಅದರಲ್ಲಿ ಕಾಣಬೇಕಿತ್ತಲ್ಲ?

ಇನ್ನು "3 ಬಂದರೆ ಏನೀಗ, ಸಾಧಾರಣ ತಾನೇ" ಅನ್ನುವವರಿಗೆ ಒಂದು ಮಾತು. 2014ರಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಬಂತು. ಹಲ್ಲಿನ ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಒಂದು ವರ್ಷ ಕೆಲಸ ಮಾಡಿದ್ದ ಮಹಿಳೆಗೆ "ಪೂರ್ಣ ತೃಪ್ತಿ" ಸಿಕ್ಕಿತ್ತು, ಅವರಿಗೆ "ಸದಾ" ಬೇಕಿತ್ತು. ನಾಲ್ಕಕ್ಷರವೂ ಇಲ್ಲದ ಒಂದು ಪದಕ್ಕೆ ಮೂರು ಹಂತದ ಕೋರ್ಟು! ಈಗಿನ ತ್ಸೊಯ್ಗ್ನಿಸ್‌ಗಳಲ್ಲಿ ಸುಮಾರು ಶೇ. 90 ರಷ್ಟು 1 ಅಥವಾ 2 ದರ್ಜೆಯವೇ ಅನ್ನುವ ಅಧ್ಯಯನವನ್ನು ಕೆಳಗಿನ ಕೋರ್ಟುಗಳು ಮುಂದಿಟ್ಟು ಆಕೆಯ ಪರ ನಿಂತಿದ್ದವು. ಮೇಲಿನ ಕೋರ್ಟ್ ಒಪ್ಪಲಿಲ್ಲ. ಎಷ್ಟು ಜನಕ್ಕೆ 2 ಸಿಕ್ಕಿದೆ ಅನ್ನುವುದು ಮುಖ್ಯವಲ್ಲ, ಮಧ್ಯದ ದರ್ಜೆ 3, ಅದಕ್ಕಿಂತ ಮೇಲಿನದು ಬೇಕಾದರೆ ನೌಕರನೇ ಸಾಬೀತು ಮಾಡಬೇಕು, 3ಕ್ಕಿಂತ ಕೆಳಗೆ ಕೊಡುವುದಾದರೆ ಮಾಲೀಕ ಸಾಬೀತು ಮಾಡಬೇಕು ಅಂದಿತು. ಅಂದರೆ ಕಾನೂನಿನಲ್ಲಿ 3 ನಡುವಿನದು, ಪೇಟೆಯಲ್ಲಿ ಮಾತ್ರ ಬಾಲದ ತುದಿ. ಈ ಎರಡರ ನಡುವಿನ ಕಂದಕಕ್ಕೆ ಬೀಳುವವನು ಪದ ಓದಿ ಖುಷಿಪಟ್ಟವನು.

ಇಷ್ಟು ಹೇಳಿದ ಮೇಲೆ ಎಲ್ಲ ಪದದಲ್ಲೂ ಭೂತ ಕಾಣುವವರಿಗೂ ಒಂದು ಮಾತು ಹೇಳಬೇಕು. "ಕೋಡ್ ಪಟ್ಟಿ" ಹಿಡಿದು ಅರ್ಥ ಹೇಳುವ ಜನ ಇದ್ದಾರೆ. "ಎಲ್ಲರ ಜೊತೆ ಬೆರೆಯುವ ಸ್ವಭಾವ" ಅಂದರೆ ಕುಡುಕ ಅಂತ, ಇನ್ನೊಂದೆಂದರೆ ಮತ್ತೇನೋ ಅಂತ. ಎಸ್‌ಎಪಿ ವಿಭಾಗದಲ್ಲಿದ್ದ ಒಬ್ಬ ನೌಕರ "ಆಸಕ್ತಿಯುಳ್ಳ, ಹುರುಪಿನ ವ್ಯಕ್ತಿಯಾಗಿ ಅವರ ಪರಿಚಯ ನಮಗಾಯಿತು" ಅನ್ನುವ ಸಾಲಿನಲ್ಲಿ "ಪರಿಚಯವಾಯಿತು" ಅನ್ನುವುದೇ ಬೈಗುಳ ಅಂತ ವಾದಿಸಿದ. 2011ರಲ್ಲಿ ಕೋರ್ಟ್ ತಳ್ಳಿಹಾಕಿತು, ಸರಿಯಾಗಿಯೇ. ಒಂದು ಪದ ಹಿಡಿದು ತೀರ್ಪು ಕೊಡಬೇಡಿ. ಹತ್ತು ಜನರ ಸಣ್ಣ ಕಂಪನಿಯ ಮಾಲೀಕನಿಗೆ ಈ ಏಣಿ ಗೊತ್ತಿಲ್ಲದೆಯೂ ಇರಬಹುದು, ಮನಸಾರೆ ಹೊಗಳಿ 3ರ ಪದ ಬಳಸಿರಬಹುದು. ಇಡೀ ಪತ್ರ ಒಂದೇ ಶ್ರುತಿಯಲ್ಲಿದೆಯೇ ನೋಡಿ. ನೀವು ಮಾಡಿದ ಕೆಲಸಗಳ ಹೆಸರು ಹಿಡಿದು ಹೊಗಳಿದ್ದಾರೆಯೇ, ತೃಪ್ತಿಯ ಸಾಲು ಏನು, ನಡವಳಿಕೆಯ ಸಾಲು ಏನು, ಕೊನೆಗೆ ಎಷ್ಟು ಮಾತು ಇವೆ. ನಾಲ್ಕೂ ಒಂದೇ ಕಡೆ ಬೆರಳು ತೋರಿಸಿದರೆ ಆಗ ಅನುಮಾನ ಬೇಡ.

ನನ್ನ ಗೆಳೆಯನ ಪತ್ರ ನಾಲ್ಕೂ ಕಡೆಯಿಂದ ಒಂದೇ ಮಾತು ಹೇಳುತ್ತಿತ್ತು. ಆದರೆ ಅವನ ಬಳಿ ಇನ್ನೊಂದು ಕಾಗದ ಇತ್ತು. ಎರಡು ವರ್ಷದ ಹಿಂದೆ ಹಳೇ ಮ್ಯಾನೇಜರ್ ಕಂಪನಿ ಬಿಟ್ಟಾಗ, ಆಕೆ ತಾನಾಗಿಯೇ ಇವನಿಗೆ ತ್ಸ್ವಿಶನ್‌ತ್ಸೊಯ್ಗ್ನಿಸ್, ಅಂದರೆ ನಡುಗಾಲದ ಪತ್ರ ಬರೆಸಿಕೊಟ್ಟು ಹೋಗಿದ್ದರು. ಅದರಲ್ಲಿ "ಸದಾ ಪೂರ್ಣ ತೃಪ್ತಿ" ಇತ್ತು, ಮೇಲಧಿಕಾರಿ ಮೊದಲಿಗೇ ಇದ್ದ, ಪೇಮೆಂಟ್ ವ್ಯವಸ್ಥೆಯ ಹೆಸರೂ ಇತ್ತು. ನಡುಗಾಲದ ಪತ್ರಕ್ಕೆ ಕಂಪನಿ ಕಟ್ಟುಬೀಳುತ್ತದೆ. ಆಮೇಲೆ ಕೆಲಸ ನಿಜಕ್ಕೂ ಹದಗೆಟ್ಟಿದ್ದರೆ ಹೊರತು ಕೊನೆಯ ಪತ್ರದಲ್ಲಿ ದರ್ಜೆ ಇಳಿಸುವಂತಿಲ್ಲ. ಅವನು ಎಚ್‌ಆರ್‌ಗೆ ಕೋಪ ಮಾಡದೆ ಒಂದು ಪುಟದ ಪತ್ರ ಬರೆದ. ಬದಲಾಗಬೇಕಾದ ವಾಕ್ಯಗಳನ್ನು ತಾನೇ ಜರ್ಮನ್‌ನಲ್ಲಿ ಪೂರ್ತಿ ಬರೆದುಕೊಟ್ಟು, ಹಳೇ ಪತ್ರದ ಪ್ರತಿ ಲಗತ್ತಿಸಿದ. ಮೂರು ವಾರಕ್ಕೆ ಹೊಸ ಪತ್ರ ಬಂತು. "ಸದಾ" ಸೇರಿತ್ತು, ಸಾಲು ಸರಿಯಾಗಿತ್ತು. ವಿಷಾದ ಮಾತ್ರ ಬರಲಿಲ್ಲ. ಬೇಡ ಬಿಡಿ, ಅವರಿಗೆ ಬೇಸರವಾಗಿರಲಿಲ್ಲ ಅನ್ನುವುದೂ ಒಂದು ಸತ್ಯವೇ.

ಆದ್ದರಿಂದ ಜರ್ಮನಿಯಲ್ಲಿರುವ, ಹೊರಡಲಿರುವ ನಿಮಗೆ ಹೇಳುವುದಿಷ್ಟು. ಮ್ಯಾನೇಜರ್ ಬದಲಾಗುವ ದಿನ ನಡುಗಾಲದ ಪತ್ರ ಕೇಳಿ, ಅದು ಕೇಳಲು ಒಪ್ಪುವಂಥ ಕಾರಣವೇ. ಕೊನೆಯ ಪತ್ರ ಬಂದ ವಾರದಲ್ಲೇ ಬಲ್ಲವರಿಂದ ಓದಿಸಿ. ಎಷ್ಟೋ ಒಪ್ಪಂದಗಳಲ್ಲಿ ಹಕ್ಕು ಕೇಳಲು ಮೂರೇ ತಿಂಗಳ ಗಡುವು ಇರುತ್ತದೆ, ನಿಮ್ಮದನ್ನು ತೆಗೆದು ನೋಡಿ. ಕೋರ್ಟಿಗೆ ಹೋದರೆ ಮೊದಲ ಹಂತದಲ್ಲಿ ಗೆದ್ದರೂ ನಿಮ್ಮ ವಕೀಲರ ಖರ್ಚು ನಿಮ್ಮದೇ ಅನ್ನುವುದೂ ನೆನಪಿರಲಿ.

ಆದರೆ ಎಲ್ಲ ಎಚ್ಚರವನ್ನೂ ನೌಕರನ ತಲೆಗೇ ಕಟ್ಟುವುದು ನ್ಯಾಯವಲ್ಲ. ಈ ಕಂಪನಿಗಳು ನಮ್ಮನ್ನು ಇಂಗ್ಲಿಷ್‌ನಲ್ಲಿ ಇಂಟರ್‌ವ್ಯೂ ಮಾಡುತ್ತವೆ, ಇಂಗ್ಲಿಷ್‌ನಲ್ಲಿ ದುಡಿಸಿಕೊಳ್ಳುತ್ತವೆ. ಸೇರಿದ ಮೊದಲ ವಾರ ಯಾವ ಕಸ ಯಾವ ಬಣ್ಣದ ಡಬ್ಬಿಗೆ ಅಂತ ಸ್ಲೈಡ್ ಹಾಕಿ ಕಲಿಸುತ್ತವೆ. ಹೋಗುವ ದಿನ ಮಾತ್ರ ಜರ್ಮನ್ನರಿಗೇ ಕಷ್ಟವಾದ ಭಾಷೆಯಲ್ಲಿ ತೀರ್ಪು ಬರೆದು ಕೈಕುಲುಕುತ್ತವೆ. ಕಸದ ಸ್ಲೈಡ್ ಪಕ್ಕ ಈ ಏಣಿಯ ಒಂದು ಸ್ಲೈಡ್ ಹಾಕಲು ಎಷ್ಟು ಖರ್ಚು? ಪತ್ರ ಕೊಡುವಾಗ ಮ್ಯಾನೇಜರ್ ಹತ್ತು ನಿಮಿಷ ಕೂತು "ನಾನು ನಿಮಗೆ 3 ಕೊಟ್ಟಿದ್ದೇನೆ, ಕಾರಣ ಇದು" ಅಂತ ಬಾಯಲ್ಲಿ ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಕೋಡ್ ರಿವ್ಯೂನಲ್ಲಿ ಒಂದು ವೇರಿಯೇಬಲ್ ಹೆಸರಿಗೆ ಅರ್ಧ ಗಂಟೆ ಜಗಳವಾಡುವ ನೇರ ಮನುಷ್ಯರಿಗೆ ಇದೇನು ಭಾರವಲ್ಲ. ಅಡ್ಡಗೋಡೆಯ ಮೇಲೆ ಇಟ್ಟ ದೀಪದ ಬೆಳಕು ಆ ಕಡೆಯವರಿಗೂ ಈ ಕಡೆಯವರಿಗೂ ಅಷ್ಟಿಷ್ಟು ಬೀಳುತ್ತದೆ. ನಾಲ್ಕು ವರ್ಷ ದುಡಿದವನನ್ನೇ ಕತ್ತಲಲ್ಲಿ ನಿಲ್ಲಿಸುವುದಾದರೆ ಆ ದೀಪ ಹಚ್ಚಿದ್ದು ಯಾರಿಗೆ?